ಕೈಗೆತ್ತಿಕೊಳ್ಳದ ಚೆಂಡು

ಬಸ್ ಡಿಪೋದಲ್ಲಿ ಅವನಿಗೆ ಬ್ರೇಕಣ್ಣ ಎಂದು ಹೆಸರಾದದ್ದು ಬಸ್ಸುಗಳ ಬ್ರೇಕ್ ರಿಪೇರಿ ಮಾಡುತ್ತಿದ್ದುದರಿಂದ. ಆ ಹೆಸರು ಊರಿಗೆಲ್ಲ ಹಬ್ಬಿದ್ದು ಮಾತ್ರ ಡಿಪೋ ಹಿಂದಿನ ಮೈದಾನದಿಂದ. ಡಿಪೋ ಫುಟ್‌ಬಾಲ್ ತಂಡಕ್ಕೆ ಅವನೇ ಗೋಲ್‌ಕೀಪರ್. ತಲೆಯ ಮೇಲೆ ಕೂದಲಿದ್ದ ಕಾಲದಿಂದಲೂ ಅವನೇ. ತಂಡ ಒಂದು ಗೋಲಿನಿಂದ ಮುಂದಿದ್ದು, ಆಟ ಮುಗಿಯಲು ಸ್ವಲ್ಪವೇ ಹೊತ್ತು ಉಳಿದಿದ್ದರೆ ಬ್ರೇಕಣ್ಣ ಆಟಕ್ಕೇ ಬ್ರೇಕ್ ಹಾಕಿಬಿಡುತ್ತಿದ್ದ.

ಅವನ ಆ ವಿದ್ಯೆಯನ್ನು ನೋಡಲೆಂದೇ ಜನ ಬರುತ್ತಿದ್ದರು, ಬೈಯಲೆಂದು ಬರುವವರೂ ಇದ್ದರು. ಚೆಂಡು ಕೈಗೆ ಸಿಕ್ಕಿತೋ, ಮಗು ತೊಟ್ಟಿಲಿನಿಂದ ಬಿದ್ದೀತೆಂಬಂತೆ ಎದೆಗವಚಿಕೊಂಡು ಮುಂದಕ್ಕೆ ಬೀಳುವುದು. ಬಿದ್ದವನು ಏಳುವುದಕ್ಕೆ ಮುಂಚೆ ಒಂದು ಮೊಣಕಾಲು, ಆಮೇಲೆ ಇನ್ನೊಂದು, ಆಮೇಲೆ ಯಾಕೋ ಮತ್ತೆ ಮೊದಲನೆಯದು. ಗೋಲ್ ಕಿಕ್ ಸಿಕ್ಕಿದರೆ ಚೆಂಡು ಬಲಗಡೆ ಇದ್ದಾಗ ಎಡಗಡೆಯಿಂದಲೇ ಒದೆಯಬೇಕೆಂದು ಅವನಿಗೆ ಹೊಳೆಯುತ್ತಿತ್ತು. ಎದುರಾಳಿಗಳು ಹಲ್ಲು ಕಡಿಯುತ್ತಿದ್ದರು. ರೆಫರಿ ಎಷ್ಟೋ ಸಲ ಹಳದಿ ಚೀಟಿ ತೋರಿಸಿದ್ದರು, ಅದನ್ನೂ ಅವನು ಸಾವಕಾಶವಾಗಿಯೇ ನೋಡುತ್ತಿದ್ದ.

ಈ ವರ್ಷ ನಿಯಮ ಬದಲಾಯಿತು. ಕೀಪರ್ ಕೈಯಲ್ಲಿ ಚೆಂಡು ಎಂಟು ಸೆಕೆಂಡು ದಾಟಿದರೆ ಎದುರಾಳಿಗೆ ಕಾರ್ನರ್ ಕಿಕ್. ಕೊನೆಯ ಐದು ಸೆಕೆಂಡನ್ನು ರೆಫರಿ ಕೈಯೆತ್ತಿ, ಎಲ್ಲರಿಗೂ ಕಾಣುವ ಹಾಗೆ ಬೆರಳು ಮಡಚಿ ಎಣಿಸುತ್ತಾರೆ. ಮೊದಲೂ ಒಂದು ಮಿತಿ ಇತ್ತು, ಆದರೆ ಅದನ್ನು ಎಣಿಸುವವರು ಯಾರೂ ಇರಲಿಲ್ಲ. ಬ್ರೇಕಣ್ಣ ಇದನ್ನು ಕೇಳಿ, "ಬರ್ಲಿ ಬಿಡಿ, ಇಂಥ ನಿಯಮ ಎಷ್ಟು ಬಂದ್ವು, ಎಷ್ಟು ಹೋದ್ವು" ಎಂದ.

ಹೋಗಲಿಲ್ಲ. ಹಡಗುಕಟ್ಟೆಯ ಕಾರ್ಮಿಕರ ತಂಡದ ಮೇಲೆ ಒಂದು ಗೋಲು ಮುಂದಿದ್ದಾಗ ಅವನು ತನ್ನ ಪದ್ಧತಿಯಂತೆ ಚೆಂಡಿನ ಮೇಲೆ ಮಲಗಿದ. ರೆಫರಿಯ ಬೆರಳುಗಳು ಒಂದೊಂದೇ ಮಡಚಿಕೊಂಡವು. ಇವನು ಎರಡನೆಯ ಮೊಣಕಾಲಿನ ಹತ್ತಿರ ಇದ್ದಾಗಲೇ ಸೀಟಿ ಕೇಳಿಸಿತು. ಕಾರ್ನರ್‌ನಿಂದ ಬಂದ ಚೆಂಡು ಯಾರದೋ ಹಣೆಗೆ ತಗಲಿ ಒಳಗೆ ಹೋಯಿತು. ಪಂದ್ಯ ಸಮ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ತಂಡದವರು ಅವನ ಬೆನ್ನು ತಟ್ಟಿ ಬಟ್ಟೆ ಬದಲಿಸಲು ಹೋದರು. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು. ಆ ಒಂದು ಸಮದಿಂದಾಗಿ ತಂಡ ಪಟ್ಟಿಯ ತಳಕ್ಕೆ ಜಾರಿ, ಕೊನೆಯ ಪಂದ್ಯವನ್ನು ಗೆಲ್ಲದಿದ್ದರೆ ಕೆಳಗಿನ ದರ್ಜೆಗೆ ಬೀಳುವ ಹಾಗಾಯಿತು. ಬಿದ್ದರೆ ಬೀಳಲಿ ಎನ್ನುವಂತೆಯೂ ಇರಲಿಲ್ಲ. ಡಿಪೋ ಮ್ಯಾನೇಜರು ಕ್ಯಾಂಟೀನಿನಲ್ಲಿ ಎಲ್ಲರೆದುರೇ ಹೇಳಿಬಿಟ್ಟಿದ್ದರು: "ನೋಡ್ರಪ್ಪಾ, ಗಾಡಿ ನಿಲ್ಸೋಕೆ ಜಾಗ ಇಲ್ಲ ಅಂತ ಮೇಲಿನೋರು ದಿನಾ ಪ್ರಾಣ ತಿಂತಿದಾರೆ. ಮೇಲಿನ ದರ್ಜೆ ತಂಡ ಇದೆ ಅಂತ ಇಷ್ಟು ದಿನ ಮೈದಾನ ಉಳ್ಸಿದೀನಿ. ಕೆಳಗೆ ಬಿದ್ರೆ ನನ್ ಕೈಲಿ ಆಗಲ್ಲ."

ಮೈದಾನಕ್ಕೆ ಕಾಂಕ್ರೀಟು ಬೀಳುವುದು ತನ್ನ ಎರಡು ಮೊಣಕಾಲುಗಳಿಂದ ಎಂದು ಬ್ರೇಕಣ್ಣನಿಗೆ ಖಾತ್ರಿಯಾಯಿತು. ರಾತ್ರಿ ಊಟಕ್ಕೆ ಕೂತರೆ ಅನ್ನ ಕಲಸಿ ಹಾಗೇ ಬಿಟ್ಟು ಏಳುತ್ತಿದ್ದ. ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುವ ಅವನ ಹೆಂಡತಿ ಎರಡು ದಿನ ನೋಡಿದಳು, ಮೂರನೆಯ ದಿನ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

"ರೀ, ಉಣ್ಣೋಕೆ ಎಂಟು ಸೆಕೆಂಡ್ ನಿಯಮ ಇಲ್ಲ. ನಿಧಾನಕ್ಕೆ ಉಣ್ಣಿ, ಆದ್ರೆ ಉಣ್ಣಿ."

ಅವನಿಗೆ ನಗು ಬಂತು. ನಗುತ್ತಲೇ ಎರಡು ತುತ್ತು ಹೆಚ್ಚಿಗೇ ಉಂಡ.

ದಾರಿ ಹೊಳೆದದ್ದು ಅದೇ ವಾರದ ಅಭ್ಯಾಸದಲ್ಲಿ, ಅದೂ ಅವನ ಜಾಣತನದಿಂದಲ್ಲ, ಕೈಗೆ ಮೆತ್ತಿದ್ದ ಗ್ರೀಸಿನಿಂದ. ವರ್ಕ್‌ಶಾಪಿನಿಂದ ತಡವಾಗಿ ಬಂದವನು ಕೈ ತೊಳೆಯದೆ ಗೋಲಿನಲ್ಲಿ ನಿಂತಿದ್ದ. ಎದುರು ಗುಂಪಿನಲ್ಲಿ ಆಡುತ್ತಿದ್ದ ಮುಂಚೂಣಿಯ ಆಟಗಾರ ಉದ್ದಕ್ಕೆ ಒದ್ದ ಚೆಂಡು ಗುರಿ ತಪ್ಪಿ, ಸುಮ್ಮನೆ ಉರುಳಿಕೊಂಡು ಇವನ ಹತ್ತಿರ ಬಂತು. ಹೊಸ ಚೆಂಡಿಗೆ ಗ್ರೀಸು ಯಾಕೆಂದು ಇವನು ಅದನ್ನು ಕಾಲಲ್ಲಿ ತಡೆದು ನಿಂತ. ಒದ್ದವನಿಗೆ ಹೊಸದಾಗಿ ಮದುವೆಯಾಗಿತ್ತು, ಹಾಗಾಗಿ ಎಲ್ಲರೂ ಅವನನ್ನು ಮದುಮಗ ಎನ್ನುತ್ತಿದ್ದರು. ಮದುಮಗ ದೂರದಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತ.

"ಎತ್ಕೊಳ್ಳಣ್ಣ, ನಾನು ವಾಪಸ್ ಹೋಗ್ತೀನಿ."

ಬ್ರೇಕಣ್ಣ ಎತ್ತಿಕೊಳ್ಳಲಿಲ್ಲ. ಕಾಲ ಕೆಳಗಿನ ಚೆಂಡನ್ನು ನೋಡಿದ, ಮದುಮಗನನ್ನು ನೋಡಿದ. ಕೈ ಮುಟ್ಟಿದ ಮೇಲಲ್ಲವೇ ಎಣಿಕೆ? ಮುಟ್ಟದಿದ್ದರೆ ಎಣಿಸುವುದಾದರೂ ಏನನ್ನು?

ತಂಡದ ಕೋಚ್ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಬಿಡುವ ಟೈಮ್‌ಕೀಪರ್. ಬ್ರೇಕಣ್ಣ ಓಡಿಹೋಗಿ ಅವನಿಗೆ ವಿಷಯ ಹೇಳಿದ. ಬ್ರೇಕಣ್ಣ ಓಡಿದ್ದನ್ನು ಕಂಡೇ ಟೈಮ್‌ಕೀಪರ್‌ಗೆ ಅರ್ಧ ಗಾಬರಿಯಾಗಿತ್ತು.

"ಅಲ್ಲ ಕಣೋ, ನೀನು ಮಲಗಿದ್ರೂ ಹೊತ್ತು ಹೋಗುತ್ತೆ, ನಿಂತ್ರೂ ಹೊತ್ತು ಹೋಗುತ್ತೆ. ಏನು ವ್ಯತ್ಯಾಸ?"

"ಮಲಗಿದ್ರೆ ಎಂಟಕ್ಕೇ ಸೀಟಿ. ಮಿಕ್ಕಿದ್ದು ನಿಮ್ ಕೆಲ್ಸದಲ್ಲೇ ಇದೆಯಲ್ಲ ಅಣ್ಣ. ಬಸ್ಸು ಬರೋದು ತಡ ಆದ್ರೆ ನೀವು ಬಿಡೋದನ್ನೂ ತಡ ಮಾಡ್ತೀರಿ. ನಾನು ಗೋಲ್ ಕಿಕ್ಕಿಗೆ ಎಳೆದಾಡಿದ್ದನ್ನೆಲ್ಲ ರೆಫರಿ ಕೊನೆಗೆ ಸೇರಿಸ್ತಾರೆ. ಆಟ ನಡೀತಾ ಇದ್ದಾಗ ಹೋದ ಹೊತ್ತನ್ನ ಹೇಗೆ ಸೇರಿಸ್ತಾರೆ? ಚೆಂಡು ಕಾಲಲ್ಲಿದ್ರೆ ಆಟ ನಡೀತಾನೇ ಇದೆ."

ಟೈಮ್‌ಕೀಪರ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಇಷ್ಟು ವರ್ಷ ಎಳೆದಾಡಿ ಕಳೆದಿದ್ದೆಲ್ಲ ಬರೀ ದಂಡ ಅನ್ನು" ಎಂದ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಬ್ರೇಕಣ್ಣನಿಗೆ ಅದು ತನಗೆಂದೇ ಮಾಡಿದ ಗಾದೆ ಅನ್ನಿಸಿತು.

ಅಂದಿನಿಂದ ಅಭ್ಯಾಸದ ಕೊನೆಯ ಭಾಗವನ್ನು ಅದಕ್ಕೇ ಮೀಸಲಿಟ್ಟರು. ಸ್ವಂತ ತಂಡದವರು ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ, ಹಾಗಾಗಿ ಅದನ್ನು ಬೇಗ ದಾಟಿಸಬೇಕು. ಎದುರಾಳಿ ಒದ್ದದ್ದು ಉರುಳಿ ಬಂದರೆ ಮಾತ್ರ ಕಾಲಲ್ಲಿ ತಡೆದು ನಿಲ್ಲಬೇಕು. ಅವನು ಮೈಮೇಲೆ ಬರುವವರೆಗೆ ಕಾದು, ಆಮೇಲೆ ಬಗ್ಗಿ ಎತ್ತಿಕೊಳ್ಳಬೇಕು. ಎಣಿಕೆ ಶುರುವಾಗುವುದು ಅಲ್ಲಿಂದ. ಮುಂಚೂಣಿಯವರು ತಮಗೆ ಸಿಕ್ಕ ಚೆಂಡನ್ನು ಗೋಲಿನತ್ತ ಒಯ್ಯದೆ ಮೂಲೆಯ ಬಾವುಟದ ಹತ್ತಿರ ಒಯ್ದು ಬೆನ್ನು ಕೊಟ್ಟು ನಿಲ್ಲಬೇಕು. ಈ ಕೊನೆಯದು ಮದುಮಗನಿಗೆ ಸುತರಾಂ ಹಿಡಿಸಲಿಲ್ಲ. ಅವನು ಗೋಲು ಹೊಡೆದು ತಿಂಗಳುಗಳಾಗಿದ್ದವು.

"ಅಣ್ಣ, ನನ್ ಹೆಂಡ್ತಿ ನೋಡೋಕೆ ಬರ್ತಾಳೆ. ಮೂಲೇಲಿ ನಿಂತಿದ್ರೆ ಏನಂದ್ಕೋತಾಳೆ?"

"ನನ್ ಹೆಂಡ್ತಿ ಇಷ್ಟು ವರ್ಷದಿಂದ ನಾನು ಮಲಗಿರೋದನ್ನೇ ನೋಡ್ತಿದಾಳೆ, ಬಿಟ್ಟು ಹೋದ್ಲಾ?"

ಕೊನೆಯ ಪಂದ್ಯ ಗಿರಣಿ ತಂಡದ ಮೇಲೆ, ಡಿಪೋ ಮೈದಾನದಲ್ಲೇ. ಡಿಪೋದವರು ಅರ್ಧ ಆಟದ ಬಿಡುವಿಗೆ ಮೊದಲೇ ಒಂದು ಗೋಲು ಹೊಡೆದರು. ಆಮೇಲೆ ಗಿರಣಿಯವರು ಬಾಲ ಸುಟ್ಟ ಬೆಕ್ಕಿನಂತೆ ಮೈದಾನದ ತುಂಬ ಓಡಾಡಿದರು. ಬ್ರೇಕಣ್ಣ ಒಂದನ್ನು ಗುದ್ದಿ ಹೊರಹಾಕಿದ, ಇನ್ನೊಂದನ್ನು ಬೆರಳ ತುದಿಯಲ್ಲಿ ಕಂಬದಾಚೆ ತಳ್ಳಿದ. ಗೋಲ್ ಕಿಕ್ ಸಿಕ್ಕಾಗ ಚೆಂಡಿಟ್ಟು ಒದ್ದ, ಅಷ್ಟೆ. ಬೈಯಲೆಂದೇ ಬಂದಿದ್ದವರಿಗೆ ನಿರಾಸೆಯಾಯಿತು.

ಆಟ ಮುಗಿಯುವ ಹೊತ್ತಿಗೆ ಗಿರಣಿಯವರ ಉದ್ದದ ಚೆಂಡೊಂದು ಎಲ್ಲರ ತಲೆ ದಾಟಿ, ಕುಪ್ಪಳಿಸಿ, ಉರುಳುತ್ತ ಗೋಲಿನ ಮುಂದಿನ ಅವನ ಚೌಕದೊಳಗೆ ಬಂತು. ಬ್ರೇಕಣ್ಣ ಅದರ ಮೇಲೆ ಕಾಲಿಟ್ಟು ನಿಂತ.

ಮೈದಾನಕ್ಕೆ ಮೈದಾನವೇ ಕೂಗಿಕೊಂಡಿತು. "ಎತ್ಕೋ! ಎತ್ಕೋ ಬ್ರೇಕಣ್ಣಾ!" ಕಟ್ಟೆಯ ಮೇಲೆ ಕೂತಿದ್ದ ಮ್ಯಾನೇಜರು ಎದ್ದು ನಿಂತರು. ಹೆಂಡತಿಯ ದನಿಯೂ ಅದರಲ್ಲಿ ಕೇಳಿಸಿತು, ಅವಳದೇ ಎಲ್ಲರಿಗಿಂತ ಜೋರಾಗಿತ್ತು. ಇಷ್ಟು ವರ್ಷ ಚೆಂಡು ಕಂಡರೆ ಮುಂದಕ್ಕೆ ಬೀಳುತ್ತಿದ್ದ ಮೈ ಈಗಲೂ ಬೀಳಲು ಹಾತೊರೆಯುತ್ತಿತ್ತು. ಬ್ರೇಕಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಗಿರಣಿಯ ಮುಂಚೂಣಿಯವನು ದೂರದಲ್ಲೇ ನಿಂತು ರೆಫರಿಯ ಕೈಯನ್ನು ನೋಡುತ್ತಿದ್ದ. ಬೆರಳು ಮಡಚುವುದನ್ನು ಕಾಯುತ್ತಿದ್ದನೇನೋ. ರೆಫರಿಯ ಕೈ ಮೇಲೇಳಲಿಲ್ಲ. ಚೆಂಡು ನೆಲದಲ್ಲಿತ್ತು, ಆಟ ನಡೆಯುತ್ತಿತ್ತು, ಹೊತ್ತು ಹೋಗುತ್ತಿತ್ತು. "ಅವ್ರು ಎಣಿಸ್ತಿಲ್ಲ, ಓಡೋ ದಡ್ಡ!" ಎಂದು ಗಿರಣಿಯ ಕೋಚ್ ಅರಚಿದ ಮೇಲೆ ಅವನು ಹುಚ್ಚು ಹಿಡಿದವನಂತೆ ನುಗ್ಗಿ ಬಂದ. ಅವನ ಉಸಿರು ಕೇಳಿಸುವಷ್ಟು ಹತ್ತಿರವಾದ ಮೇಲೆ ಬ್ರೇಕಣ್ಣ ಬಗ್ಗಿ ಚೆಂಡನ್ನು ಎತ್ತಿಕೊಂಡ.

ಮೂರು ಸೆಕೆಂಡು ಕಳೆದು ರೆಫರಿಯ ಕೈ ಮೇಲೆದ್ದಿತು, ಒಂದು ಬೆರಳು ಮಡಚಿತು. ಬ್ರೇಕಣ್ಣ ಬೀಳಲಿಲ್ಲ. ಎಡಗಡೆ ಗೆರೆಯುದ್ದಕ್ಕೂ ಓಡುತ್ತಿದ್ದ ಮದುಮಗನನ್ನು ಕಂಡು ತೋಳು ಬೀಸಿ ಎಸೆದ. ಚೆಂಡು ಅವನ ಮುಂದೆ ಸರಿಯಾಗಿ ಹೋಗಿ ಬಿತ್ತು.

ಮದುಮಗ ಅದನ್ನು ಒಯ್ದ. ಒಬ್ಬನನ್ನು ದಾಟಿದ. ಓರೆಯಲ್ಲಿ ಗೋಲು ಕಾಣುತ್ತಿತ್ತು, ಹೊಡೆದರೆ ಹೋದರೂ ಹೋಗಬಹುದು ಎಂಬಂಥ ದೂರ. ಹೋಗದಿದ್ದರೆ ಚೆಂಡು ಗಿರಣಿಯವರ ಕೀಪರ್ ಕೈಗೆ, ಅಲ್ಲಿಂದ ಒಂದೇ ಒದೆತಕ್ಕೆ ಮತ್ತೆ ಇಲ್ಲಿಗೆ. ಮದುಮಗ ತಲೆಯೆತ್ತಿ ಗೋಲನ್ನು ನೋಡಿದ, ಕಾಲು ಹಿಂದಕ್ಕೆಳೆದ.

"ಮೂಲೇಗೆ!" ಎಂದು ಬ್ರೇಕಣ್ಣ ಕಿರುಚಿದ. ಅಷ್ಟು ದೂರಕ್ಕೆ ಅದು ಕೇಳಿಸಿರಲಾರದು. ಆದರೂ ಹುಡುಗನ ಕಾಲು ಕೆಳಗಿಳಿಯಿತು. ಅವನು ಚೆಂಡನ್ನು ಮೂಲೆಯ ಬಾವುಟದ ಬುಡಕ್ಕೆ ತಳ್ಳಿಕೊಂಡು ಹೋಗಿ ಬೆನ್ನು ಕೊಟ್ಟು ನಿಂತ. ಗಿರಣಿಯ ಇಬ್ಬರು ಹಿಂದಿನಿಂದ ಕಾಲು ಹಾಕಿದರು, ಚೆಂಡು ಅವರಿಗೇ ತಗಲಿ ಪಕ್ಕದ ಗೆರೆ ದಾಟಿತು. ಡಿಪೋಗೆ ಥ್ರೋ. ಮತ್ತೆ ಮದುಮಗನ ಕಾಲಿಗೇ ಬಂತು, ಅವನು ಅದನ್ನು ಎದುರಾಳಿಯ ಮೊಣಕಾಲಿಗೆ ತಾಗಿಸಿ ಗೋಲಿನ ಗೆರೆಯಾಚೆ ಹೊರಳಿಸಿದ. ಡಿಪೋಗೆ ಕಾರ್ನರ್. ಅದನ್ನು ಗೋಲಿನ ಮುಂದಕ್ಕೆ ಎತ್ತಿ ಹೊಡೆಯಲಿಲ್ಲ, ಪಕ್ಕದಲ್ಲಿ ನಿಂತವನಿಗೆ ಮೆಲ್ಲಗೆ ತಟ್ಟಿದರು. ಆ ಪುಟ್ಟ ಮೂಲೆಯಲ್ಲಿ ಇಬ್ಬರು ಡಿಪೋದವರು, ನಾಲ್ವರು ಗಿರಣಿಯವರು, ಒಂದು ಚೆಂಡು. ಇತ್ತ ಗೋಲಿನಲ್ಲಿ ಬ್ರೇಕಣ್ಣ ಒಬ್ಬನೇ.

ಅವನಿಗೆ ಮಾಡಲು ಏನೂ ಉಳಿದಿರಲಿಲ್ಲ. ಪಂದ್ಯ ಗೆಲ್ಲುವ ಹೊತ್ತಿಗೆಲ್ಲ ಇಷ್ಟು ವರ್ಷ ಚೆಂಡು ಅವನ ಎದೆಯ ಕೆಳಗೇ ಇರುತ್ತಿತ್ತು. ಬೇರೆಯವರ ಕಾಲನ್ನು ಅವನು ನಂಬಿದವನೇ ಅಲ್ಲ. ಈಗ ಬರಿಗೈಯಲ್ಲಿ ನಿಂತು, ಮೈದಾನದ ಆ ತುದಿಯಲ್ಲಿ ಎದ್ದ ಧೂಳನ್ನು ಕಣ್ಣು ಕಿರಿದು ಮಾಡಿಕೊಂಡು ನೋಡಿದ. ಚೆಂಡು ಕಾಣುತ್ತಿರಲಿಲ್ಲ.

ರೆಫರಿ ಸೀಟಿ ಊದಿದರು. ಮೂರು ಸಲ, ಉದ್ದಕ್ಕೆ.

ಜನ ಒಳನುಗ್ಗಿದರು. ಅವನ ಕಾಲುಗಳು ಅಲ್ಲಾಡಲಿಲ್ಲ. ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು ಹುಲ್ಲಿನ ಮೇಲೆ ಓಡಿಬಂದಳು. ಬಂದವಳು ಅಭ್ಯಾಸಬಲದಿಂದ ಮೊದಲು ಅವನ ತೋಳಿನೊಳಗೆ ನೋಡಿದಳು.

"ಚೆಂಡೆಲ್ರೀ?"

ಬ್ರೇಕಣ್ಣ ದೂರದ ಮೂಲೆಯತ್ತ ಕೈ ತೋರಿಸಿದ. ಕಣ್ಣು ತುಂಬಿತು, ಅದನ್ನು ಒರೆಸಿಕೊಳ್ಳಲೂ ಅವನು ಹೋಗಲಿಲ್ಲ.

"ಅಲ್ಲಿದೆ ಕಣೇ" ಎಂದ. "ನಮ್ ಹುಡುಗ್ರ ಹತ್ರಾನೇ ಇದೆ."