ಎಂದೂ ಕಮ್ಮಿ ಬೀಳದ ಗಲ್ಲಾ

ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ಸೂಪರ್‌ಮಾರ್ಕೆಟ್ ನಡೆಸುವ ಒಂದು ಕುಟುಂಬದವರ ಬಳಿ ನಾನು ಆಡಿಟ್ ಕೆಲಸದಲ್ಲಿದ್ದೇನೆ. ಕಂಪ್ಯೂಟರಿನ ಲೆಕ್ಕದಲ್ಲಿ ಇರಬೇಕಾದ ಸರಕೆಷ್ಟು, ಶೆಲ್ಫಿನ ಮೇಲೆ ನಿಜಕ್ಕೂ ಇರುವುದೆಷ್ಟು, ಎರಡರ ನಡುವಿನ ಕೊರತೆ ಎಲ್ಲಿ ಹೋಯಿತು ಎಂದು ಹುಡುಕುವುದು ನನ್ನ ಕೆಲಸ. ಜನ ಅಂದುಕೊಂಡಷ್ಟು ಕಳ್ಳತನ ಅದರಲ್ಲಿರುವುದಿಲ್ಲ. ಇಲಿ ಕಡಿದ ಚೀಲ, ಒಡೆದ ಬಾಟಲಿ, ಹನ್ನೆರಡರ ಪೆಟ್ಟಿಗೆಯನ್ನು ಇಪ್ಪತ್ತನಾಲ್ಕೆಂದು ಒಳಗೆ ತೆಗೆದುಕೊಂಡ ಆತುರ, ಹೀಗೆ ಬಹಳಷ್ಟು ಸಣ್ಣಪುಟ್ಟ ಕಾರಣಗಳು.

ಆದರೆ ಭದ್ರಾವತಿಯ ಅಂಗಡಿಯ ಕೊರತೆ ತಿಂಗಳು ತಿಂಗಳಿಗೂ ಏರುತ್ತಿತ್ತು. ಮಾಲೀಕರು ನನ್ನನ್ನು ಗಾಂಧಿ ಬಜಾರಿನ ಆಫೀಸಿಗೆ ಕರೆಸಿ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಬಿಲ್ ಆದ ಮೇಲೆ ಅದರಿಂದ ಸಾಮಾನು ತೆಗೆದುಹಾಕಿದ ದಾಖಲೆಗಳಲ್ಲಿ ಹೆಚ್ಚಿನವು ಎರಡನೇ ಕೌಂಟರಿನ ಹುಡುಗಿಯ ಹೆಸರಿನಲ್ಲಿದ್ದವು.

"ಗಿರಾಕಿ ದುಡ್ಡು ಕೊಟ್ಟು ಹೋದ್ಮೇಲೆ ಬಿಲ್ಲಿಂದ ತುಪ್ಪ ತೆಗೀತಾಳೆ, ದುಡ್ಡು ಜೇಬಿಗೆ ಹಾಕ್ತಾಳೆ. ಇನ್ನೇನಮ್ಮ? ಹೋಗಿ ನೋಡ್ಕೊಂಡು ಬಾ, ಕಳಿಸ್ಬಿಡೋಣ," ಎಂದರು.

ಹಾಗೆ ನಡೆಯುವುದುಂಟು. ಆದರೆ ಪ್ರತಿ ಬಾರಿಯೂ ಅದಕ್ಕೆ ಮ್ಯಾನೇಜರ್ ಪಾಸ್‌ವರ್ಡ್ ಹಾಕಿ ಒಪ್ಪಿಗೆ ಕೊಡಬೇಕು. ಆ ಮ್ಯಾನೇಜರ್ ನನಗೆ ಗೊತ್ತಿದ್ದವರು. ನಾನು ಕೌಂಟರಿನ ಕೆಲಸಕ್ಕೆ ಸೇರಿದ ಹೊಸದರಲ್ಲಿ ನೋಟು ಎಣಿಸುವುದನ್ನು, ಚಿಲ್ಲರೆ ಕೊಟ್ಟ ಮೇಲಷ್ಟೇ ಗಿರಾಕಿಯ ನೋಟನ್ನು ಡ್ರಾಯರಿಗೆ ಹಾಕುವುದನ್ನು ಕಲಿಸಿದವರು ಅವರೇ. ಭದ್ರಾವತಿಯ ಬಸ್ಸು ಮಲವಗೊಪ್ಪ ದಾಟುವಾಗಲೂ ನನ್ನ ತಲೆಯಲ್ಲಿ ಆ ಹುಡುಗಿಗಿಂತ ಹೆಚ್ಚಾಗಿ ಅವರೇ ಇದ್ದರು.

ಅಂಗಡಿ ತೆರೆಯುವ ಮೊದಲೇ ಎಣಿಕೆ ಶುರು ಮಾಡಿಸಿದೆ. ಎಣಿಸುವವರಿಗೆ ಕಂಪ್ಯೂಟರಿನ ಅಂಕಿ ತೋರಿಸಲಿಲ್ಲ. ತೋರಿಸಿದರೆ ಕೈ ತಾನಾಗಿ ಆ ಅಂಕಿಗೇ ಹೋಗಿ ನಿಲ್ಲುತ್ತದೆ. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಮತ್ತೆ ಎಣಿಸಿದರು. ತುಪ್ಪ, ಸೋಪಿನ ಪುಡಿ, ಎಣ್ಣೆ ಕಮ್ಮಿ ಇದ್ದದ್ದು ನಿಜ. ರಿಯಾಯಿತಿಗಳನ್ನೂ ನೋಡಿದೆ. ಅವಧಿ ಮುಗಿಯಲು ಬಂದ ಬಿಸ್ಕತ್ತು, ನೆಗ್ಗಿದ ಡಬ್ಬಿ, ಎಲ್ಲಕ್ಕೂ ಕಾರಣ ಬರೆದಿತ್ತು, ಸಹಿ ಇತ್ತು.

ಕೊನೆಗೆ ಕ್ಯಾಶ್ ನೋಡಿದೆ. ಅಲ್ಲಿ ನನಗೆ ವಿಚಿತ್ರ ಎನಿಸಿತು. ದಿನವೂ ಡ್ರಾಯರಿನ ಹಣ ಲೆಕ್ಕಕ್ಕೆ ಸರಿಯಾಗಿ ತಾಳೆಯಾಗಿತ್ತು. ಚಿಲ್ಲರೆಗೆ ಬದಲು ಚಾಕಲೇಟು ಕೊಡುವ ಈ ಕಾಲದಲ್ಲೂ ಐದೋ ಹತ್ತೋ ಹೆಚ್ಚುಕಮ್ಮಿ ಆಗದ ಕೌಂಟರನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಸಾಮಾನು ತೆಗೆದ ಸಮಯ ಗಮನಿಸಿದೆ. ಎಲ್ಲವೂ ರಾತ್ರಿ ಆ ದಿನದ ಲೆಕ್ಕ ಮುಚ್ಚುವ ಹೊತ್ತಿನವು. ಹಾಜರಿ ಯಂತ್ರದ ಪ್ರಕಾರ ಆ ಹೊತ್ತಿಗೆ ಹುಡುಗಿ ಬೆರಳೊತ್ತಿ ಮನೆಗೆ ಹೋಗಿರುತ್ತಿದ್ದಳು.

ಆದರೂ ನಾನು ಮೊದಲು ಕೇಳಿದ್ದು ಅವಳನ್ನೇ. ಕಾರ್ಖಾನೆ ಕ್ವಾರ್ಟರ್ಸ್ ಕಡೆಯವಳು. ಮನೆಯಲ್ಲಿ ತಮಿಳು, ಕೌಂಟರಿನಲ್ಲಿ ಕನ್ನಡ.

"ಕ್ಯಾಶ್ ಎಣಿಸಿ ಮ್ಯಾನೇಜರ್ ಅಣ್ಣನ ಕೈಗೆ ಕೊಟ್ಟು ಹೋಗ್ತೀನಿ ಮೇಡಂ. ಮಾರನೇ ದಿನ ಸರಿ ಇತ್ತು ಅಂತಾರೆ. ತೆಗೆಯೋದು ಗಿಗಿಯೋದು ನಂಗೊತ್ತಿಲ್ಲ," ಎಂದಳು. ಮುಖ ಕೆಂಪಾಗಿತ್ತು. "ನಾನು ಕದ್ದೆ ಅಂತಾನಾ ನೀವು ಬಂದಿರೋದು?"

"ಎಲ್ಲರನ್ನೂ ಕೇಳ್ತೀನಮ್ಮ," ಎಂದೆ. ನನಗೇ ಅದು ಪೊಳ್ಳಾಗಿ ಕೇಳಿಸಿತು.

ಸಂಜೆ ರಶ್ಶಿನಲ್ಲಿ ಅವಳ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಗಿರಾಕಿಯೊಬ್ಬರು ಫೋನಿನಿಂದ ಹಣ ಕಳಿಸಿದರು. ಕೌಂಟರ್ ಮೇಲಿನ ಪುಟ್ಟ ಪೆಟ್ಟಿಗೆ ಹಣ ಬಂತೆಂದು ಕೂಗಿತು. ಅವಳು ಚೀಲ ಎತ್ತಿಕೊಡುತ್ತಲೇ ಎಂಟರ್ ಒತ್ತಿದಳು. ಬಿಲ್ಲಿಂಗ್ ಯಂತ್ರದಲ್ಲಿ ಬೇರೇನೂ ಆರಿಸದೆ ಎಂಟರ್ ಒತ್ತಿದರೆ ನಗದು ಎಂದೇ ದಾಖಲಾಗುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಹಾಗೇ ಆಯಿತು. ಅವಳಿಗೆ ಗೊತ್ತೇ ಆಗಲಿಲ್ಲ. ಸಾಲು ಬಾಗಿಲ ತನಕ ಇತ್ತು.

ಹಣ ಬ್ಯಾಂಕಿಗೆ ಹೋಗಿದೆ, ಲೆಕ್ಕ ಮಾತ್ರ ಅದನ್ನು ಡ್ರಾಯರಿನಲ್ಲಿ ಹುಡುಕುತ್ತಿದೆ. ನಾನು ಹೊರಗೆ ಬಂದು ಶಿವಮೊಗ್ಗದ ಅಕೌಂಟೆಂಟಿಗೆ ಫೋನ್ ಮಾಡಿದೆ.

"ಭದ್ರಾವತಿದು ಬ್ಯಾಂಕಿಗೆ ಜಾಸ್ತಿ ಬರ್ತಾನೇ ಇದೆ ಮೇಡಂ," ಎಂದರು ಅವರು. "ಯಾವ ಬಿಲ್ಲಿಗೆ ಹೊಂದಿಸೋದು ಗೊತ್ತಾಗ್ದೆ ಪಕ್ಕಕ್ಕಿಟ್ಟಿದ್ದೀನಿ. ಕಮ್ಮಿ ಬಂದಿದ್ರೆ ಕೇಳ್ತಿದ್ದೆ. ಜಾಸ್ತಿ ಅಲ್ವಾ ಅಂತ ಸುಮ್ನಿದ್ದೆ."

ಮಾರನೇ ದಿನ ಗೋದಾಮಿನಲ್ಲಿ ಅಕ್ಕಿ ಮೂಟೆಗಳ ಪಕ್ಕ ಮ್ಯಾನೇಜರನ್ನು ಕೂರಿಸಿ ಮಾತಾಡಿದೆ. ಸಿಬ್ಬಂದಿಯ ಎದುರು ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಇಬ್ಬರೇ ಇದ್ದಾಗ ಹಳೆಯ ರೂಢಿ.

"ಕ್ಯಾಶ್ ಕಮ್ಮಿ ಬಿದ್ರೆ ಕೌಂಟರಿನವರ ಸಂಬಳದಲ್ಲಿ ಹಿಡೀತಾರಲ್ಲ ಮಾರಾಯ್ತಿ. ಒಂದು ತಿಂಗಳು ಆ ಹುಡುಗಿ ಸಂಬಳದ ಕವರ್ ಬಿಚ್ಚಿ ನೋಡಿ ಅಲ್ಲೇ ಕೂತ್ಬಿಟ್ಲು. ಕದಿಯೋ ಪೈಕಿ ಅಲ್ಲ ಅವಳು. ಎಲ್ಲಿ ಹೋಗುತ್ತೆ ಅಂತ ನಂಗೂ ಹೊಳೀಲಿಲ್ಲ. ಕಮ್ಮಿ ಬಿದ್ದಷ್ಟಕ್ಕೆ ಯಾವುದೋ ಬಿಲ್ಲಿಂದ ಸಾಮಾನು ತೆಗೆದ್ಬಿಡ್ತಿದ್ದೆ. ಕ್ಯಾಶ್ ಸರಿಯಾಗ್ತಿತ್ತು."

"ಸಾಮಾನು ಗಿರಾಕಿ ತಗೊಂಡು ಹೋಗಿರ್ತಾರಲ್ಲ ಅಣ್ಣ. ಶೆಲ್ಫಲ್ಲಿ ಇದೆ ಅಂತ ಕಂಪ್ಯೂಟರ್ ಹೇಳುತ್ತೆ. ಅದೇ ಕೊರತೆ ಆಗಿ ನಿಂತಿದೆ. ಮೇಲಾಗಿ ಬಿಲ್ ಅವಳದ್ದಾದ್ರಿಂದ ತೆಗ್ದಿದ್ದೆಲ್ಲ ಅವಳ ಹೆಸರಲ್ಲೇ ಬಿದ್ದಿದೆ. ಮಾಲೀಕರು ಅವಳನ್ನ ಕಳ್ಳಿ ಅಂತ ತೆಗೆದು ಹಾಕೋಕೆ ಹೊರಟಿದ್ರು."

ಅವಳನ್ನು ಉಳಿಸಲು ಮಾಡಿದ್ದು ಅವಳ ಮೇಲೆಯೇ ಬಂದು ಬಿದ್ದೀತೆಂದು ಮ್ಯಾನೇಜರಿಗೆ ನಿಜಕ್ಕೂ ತೋಚಿರಲಿಲ್ಲ. ನಾನು ವರದಿ ಬರೆಯದೆ ಇರುವಂತಿಲ್ಲ ಎಂದೆ. "ಬರಿ. ನಾನೇ ಕಲಿಸಿದ ಕೆಲಸ ಅಲ್ವಾ," ಎಂದರು. ಮಾತಿನಲ್ಲಿ ಕಹಿ ಇರಲಿಲ್ಲ.

ಬ್ಯಾಂಕಿನ ಹೆಚ್ಚುವರಿಯನ್ನೂ ತೆಗೆದ ಸಾಮಾನನ್ನೂ ಎದುರುಬದುರು ಇಟ್ಟಾಗ ಕೊರತೆಯ ದೊಡ್ಡ ಪಾಲು ಕರಗಿಹೋಯಿತು. ಪೂರ್ತಿ ಅಲ್ಲ. ಒಂದಷ್ಟು ತುಪ್ಪ ಎಲ್ಲಿ ಹೋಯಿತೆಂದು ನನಗೆ ಇವತ್ತಿಗೂ ತಿಳಿಯದು.

ಮಾಲೀಕರು ವರದಿಯನ್ನು ಎರಡು ಸಲ ಓದಿದರು. ಸುಳ್ಳು ಒಪ್ಪಿಗೆ ಕೊಟ್ಟವರನ್ನು ಆ ಕುರ್ಚಿಯಲ್ಲಿ ಬಿಡುವುದಿಲ್ಲ ಎಂದರು. ಅದರಲ್ಲಿ ನನಗೂ ತಕರಾರಿರಲಿಲ್ಲ. ಮ್ಯಾನೇಜರನ್ನು ಶಿವಮೊಗ್ಗದ ಗೋದಾಮಿಗೆ ಹಾಕಿದರು. ಸಂಬಳದಲ್ಲಿ ಹಿಡಿಯುವ ಪದ್ಧತಿ ಬಿಡಿ, ಅದರಿಂದಲೇ ಇಷ್ಟೆಲ್ಲ ಆದದ್ದು ಎಂದು ನಾನು ಪಟ್ಟು ಹಿಡಿದೆ. ಗೊಣಗುತ್ತ ಒಪ್ಪಿದರು. ಈಗ ಹಣ ಯಾವ ದಾರಿಯಲ್ಲಿ ಬಂತೆಂದು ಆರಿಸದೆ ಬಿಲ್ ಮುಗಿಯುವುದಿಲ್ಲ. ಬ್ಯಾಂಕಿನ ಲೆಕ್ಕವನ್ನು ಅಕೌಂಟೆಂಟ್ ದಿನವೂ ಹೊಂದಿಸುತ್ತಾರೆ. ಹುಡುಗಿಯಿಂದ ಹಿಂದೆ ಹಿಡಿದದ್ದನ್ನು ವಾಪಸ್ ಕೊಟ್ಟರು.

ಆದದ್ದನ್ನೆಲ್ಲ ಹೇಳಲು ಹೋದಾಗ ಅವಳು ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಸಿಟ್ಟಾದಳು.

"ಆಮೇಲೂ ಕಮ್ಮಿ ಬೀಳ್ತಿದೆ ಅಂತ ಒಂದ್ಮಾತು ಹೇಳಿದ್ರೆ ನಾನೇ ಹುಡುಕ್ತಿದ್ದೆ. ನನ್ನ ಕೈತಪ್ಪು ನಂಗೇ ಗೊತ್ತಾಗದ ಹಾಗೆ ಮುಚ್ಚಿಟ್ರು. ನೀವು ಬಂದು ನನ್ನನ್ನೇ ಕೇಳಿದ್ರಿ. ಒಳ್ಳೇದು ಮಾಡಿದ್ರು ಅಂತ ನಾನು ಇಬ್ಬರಿಗೂ ಕೈಮುಗಿಬೇಕಾ?"

ಗಿರಾಕಿ ಬಂದರು, ಅವಳು ಬಿಲ್ ಮಾಡಿ ಕಳಿಸಿದಳು. ಆಮೇಲೆ, ನನ್ನ ಕಡೆ ನೋಡದೆಯೇ ಹೇಳಿದಳು: "ಅಣ್ಣ ಸಿಕ್ಕರೆ ಹೇಳಿ, ಭಾನುವಾರ ಊಟಕ್ಕೆ ಮನೆಗೆ ಬರ್ಲಿ. ಅಮ್ಮ ಕೇಳ್ತಿದಾರೆ. ನಾನೂ ಅವರಿಗೆ ಬೈಯೋದು ಬಾಕಿ ಇದೆ."

ಶಿವಮೊಗ್ಗಕ್ಕೆ ಮರಳಿದವಳೇ ಗೋದಾಮಿಗೆ ಹೋಗಿ ತಿಳಿಸಿದೆ. ಅವರು ಲಾರಿಯಿಂದ ಸಕ್ಕರೆ ಮೂಟೆ ಇಳಿಸಿಕೊಳ್ಳುತ್ತಿದ್ದರು. ಅಷ್ಟೂ ಮೂಟೆ ಒಳಗೆ ಹೋಗುವವರೆಗೆ ನನ್ನನ್ನು ಕಾಯಿಸಿ, ಕೈ ಒರೆಸಿಕೊಂಡು, "ಎಷ್ಟು ಗಂಟೆಗೆ ಅಂದ್ಲು?" ಎಂದು ಕೇಳಿದರು.