ಆದಿತ್ಯವಾರಕ್ಕೆ ಇಟ್ಟ ಮೀಟಿಂಗು

ನಾನು ಶಾಲೆಗೆ ಹೋದದ್ದು ಎರಡನೇ ಕ್ಲಾಸಿನ ತನಕ. ಅಕ್ಷರ ಕೂಡಿಸಿ ಓದುತ್ತೇನೆ, ತಡವಾಗುತ್ತದೆ. ಆ ಹಾಳೆಯನ್ನೂ ಹಾಗೆಯೇ ಓದಿದೆ. ಓದಿ ಮುಗಿಸುವಾಗ ಬಂಗುಡೆಯ ಮೇಲಿನ ಐಸು ಕರಗಿತ್ತು, ನನ್ನ ತಲೆ ಕಾದಿತ್ತು.

ಕಾಪುವಿನಲ್ಲಿ ನಾವು ಕೂರುವ ಮೀನು ಮಾರ್ಕೆಟು ನಮ್ಮದೇ ಸಹಕಾರ ಸಂಘದ್ದು. ಹಳೆಯದನ್ನು ಕೆಡವಿ ಹೊಸದು ಕಟ್ಟಿಸಿದ್ದರು, ಇನ್ನೂ ಬಾಗಿಲು ತೆರೆದಿರಲಿಲ್ಲ. ಒಳಗೆ ಯಾರು ಎಲ್ಲಿ ಕೂರಬೇಕೆಂದು ಹೇಳಲು ಒಂದು ಹೊಸ ಸಮಿತಿ ಬೇಕಂತೆ. ಅದರ ಕೆಲಸವೇನು, ಅದರಲ್ಲಿ ಯಾರಿರಬೇಕು ಎಂದು ಕಾರ್ಯದರ್ಶಿ ಬರೆದ ಕರಡು ಅದು. ಆಡಳಿತ ಮಂಡಳಿ ಒಪ್ಪಿದರೆ ಮುಗಿಯಿತು. ಹಳೆಯದರಲ್ಲಿ ಬಾಗಿಲ ಬಳಿಯ ಜಾಗದಲ್ಲಿ ಮೊದಲು ನನ್ನ ಅತ್ತೆ ಕೂತಿದ್ದರು, ಅವರ ನಂತರ ನಾನು. ಹಿಂದಿನ ಮೂಲೆಗೆ ತಳ್ಳಿದರೆ ಅಲ್ಲಿಯ ತನಕ ಗಿರಾಕಿ ಬರುವುದಿಲ್ಲ. ಕೂತಲ್ಲೇ ಮೀನು ಕೊಳೆಯುತ್ತದೆ.

ಸಮಿತಿಗೆ ಒಂಬತ್ತು ಜನ. ಅಧ್ಯಕ್ಷ ಸೇರಿ ಮಂಡಳಿಯ ನಿರ್ದೇಶಕರು ಐವರು, ಕಾರ್ಯದರ್ಶಿ, ಕಟ್ಟಡದ ಇಂಜಿನಿಯರು, ಮಾರುವ ಹೆಂಗಸರು ಇಬ್ಬರು, ನಾನು ಮತ್ತು ಒಣಮೀನಿನವಳು ಒಬ್ಬಳು. ತಿಂಗಳಿಗೊಂದು ಮೀಟಿಂಗು, ಮೊದಲ ಆದಿತ್ಯವಾರ ಬೆಳಿಗ್ಗೆ ಹತ್ತೂವರೆಗೆ. ಕೋರಂ ಐದು, ಅಂದರೆ ಐವರು ಬಂದರೆ ಮೀಟಿಂಗು ನಡೆಯುತ್ತದೆ. ವರದಿ ಅಧ್ಯಕ್ಷರಿಗೆ.

ಆದಿತ್ಯವಾರ ಬೆಳಿಗ್ಗೆ! ವಾರದಲ್ಲಿ ನಮಗೆ ಉಸಿರಾಡಲು ಪುರುಸೊತ್ತಿಲ್ಲದ ಹೊತ್ತು ಅದೊಂದೇ. ಉಡುಪಿಯಿಂದ ಕಾರಿನಲ್ಲಿ ಬರುವವರು ಕೂಡ ಆವತ್ತೇ ಬರುವುದು. ನಿರ್ದೇಶಕರಿಗೆ ರಜೆ, ನಮಗೆ ವ್ಯಾಪಾರ. ನಾವಿಬ್ಬರು ಹೋಗದಿದ್ದರೂ ಅವರೈವರು ಚಾ ಕುಡಿದು, ನಮ್ಮನ್ನು ಎಲ್ಲಿ ಕೂರಿಸಬೇಕೆಂದು ಬರೆದು, ಎದ್ದು ಹೋಗಬಹುದು.

ಮಂಡಳಿ ಸೇರುವ ದಿನ ಮೀನಿನ ಸೀರೆಯಲ್ಲೇ ಹೋದೆ. ಜೊತೆಗೆ ನಾಲ್ಕು ಹೆಂಗಸರು. ಅಧ್ಯಕ್ಷ ನಮ್ಮ ಓಣಿಯವನೇ, ಚಡ್ಡಿಯಿಲ್ಲದೆ ಓಡುವ ಕಾಲದಿಂದ ಗೊತ್ತು.

"ಅಕ್ಕ, ನಿಮ್ಮ ಹೆಸರು ಸೇರಿಸಿದ್ದೇವಲ್ಲ," ಎಂದ. "ಇನ್ನೆಂತ ಬೇಕು?"

"ಹೆಸರು ಮನೆಯ ರೇಷನ್ ಕಾರ್ಡಿನಲ್ಲಿಯೂ ಉಂಟು. ನಾನಿಲ್ಲದೆ ಮೀಟಿಂಗ್ ನಡೆಯುತ್ತದಾ ಇಲ್ಲವಾ, ಅದು ಹೇಳು ಮಾರಾಯ."

ಕಾರ್ಯದರ್ಶಿ ಕನ್ನಡಕ ಒರೆಸುತ್ತ, ಕೋರಂ ಎಂದರೆ ಬರೀ ತಲೆಯ ಲೆಕ್ಕ, ಯಾರ ತಲೆ ಎಂದು ನೋಡುವ ಪದ್ಧತಿ ಇಲ್ಲ ಎಂದರು. ಪದ್ಧತಿ ಬರೆಯುವವರು ನೀವೇ ಅಲ್ಲವಾ, ಹಾಗೆ ಬರೆಯಿರಿ ಎಂದೆ. ಐವರಲ್ಲಿ ಇಬ್ಬರು ಮಾರುವವರೇ ಆಗಿರಬೇಕು, ಇಲ್ಲದಿದ್ದರೆ ಕೋರಂ ಇಲ್ಲ. ಮೀಟಿಂಗು ಸೋಮವಾರ ಮೂರು ಗಂಟೆಗೆ. ಸೋಮವಾರ ಊರಿನ ಅರ್ಧ ಜನ ಮೀನು ಮುಟ್ಟುವುದಿಲ್ಲ, ನಮ್ಮ ಬುಟ್ಟಿ ಬೇಗ ಮುಚ್ಚುತ್ತದೆ. ವರದಿ ಅಧ್ಯಕ್ಷನ ಡ್ರಾಯರಿಗೆ ಅಲ್ಲ, ಇಡೀ ಮಂಡಳಿಯ ಮುಂದೆ ಬರಬೇಕು. ಒಂದು ಪ್ರತಿ ಮಾರ್ಕೆಟಿನ ಗೋಡೆಗೆ.

ಒಬ್ಬ ನಿರ್ದೇಶಕ ನಕ್ಕ. ಹಾಗಾದರೆ ಇಬ್ಬರು ಹೆಂಗಸರು ಮನೆಯಲ್ಲಿ ಮಲಗಿದರೆ ಸಂಘವೇ ಮಲಗಬೇಕಲ್ಲ ಎಂದ. ನಾವು ಮಲಗುವುದನ್ನು ನೀನು ಎಲ್ಲಿ ಕಂಡೆ ಎಂದು ಕೇಳಿದೆ. ಒಂದು ಗಂಟೆ ಜಗಳವಾಡಿ ಹಾಗೆಯೇ ತಿದ್ದಿ ಒಪ್ಪಿದರು. ಕೋರಂ ಆಗದಿದ್ದರೆ ಅರ್ಧ ಗಂಟೆ ಕಾಯುವುದು, ಆಮೇಲೆ ಮುಂದಿನ ತಿಂಗಳಿಗೆ ಹಾಕುವುದು ಎಂದು ಕಾರ್ಯದರ್ಶಿ ಸೇರಿಸಿದರು. ಅದು ಎಲ್ಲಾ ಕಡೆ ಇರುವ ನಿಯಮವಂತೆ.

ಮೊದಲ ಸೋಮವಾರ ಮೂರಕ್ಕೆ ಎಲ್ಲ ಗಂಡಸರೂ ಬಂದಿದ್ದರು, ಇಂಜಿನಿಯರು ಕೂಡ. ನಾನೊಬ್ಬಳೇ ಹೆಂಗಸು. ಇನ್ನೊಬ್ಬಳು ಇಲ್ಲ.

"ಕೋರಂ ಇಲ್ಲ ಅಕ್ಕ," ಎಂದ ಅಧ್ಯಕ್ಷ. "ನೀವೇ ಬರೆಸಿದ್ದು ಅಲ್ವಾ?" ಮುಖದಲ್ಲಿ ಸಕ್ಕರೆ ಸುರಿಯುತ್ತಿತ್ತು.

ಮುಂದಿನ ತಿಂಗಳ ಮೀಟಿಂಗಿಗೆ ಮೊದಲೇ ಮಾರ್ಕೆಟಿನ ಉದ್ಘಾಟನೆ. ಆವತ್ತು ಜಾಗ ಹೇಳದಿದ್ದರೆ ಯಾರು ಮೊದಲು ನುಗ್ಗುತ್ತಾರೋ ಅವರದ್ದೇ ಬಾಗಿಲು. ರಿಕ್ಷಾ ಹಿಡಿದು ಅವಳ ಮನೆಗೆ ಹೋದೆ. ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು. ನನಗೆ ಓದಲು ಬರುವುದಿಲ್ಲ, ಅಲ್ಲಿ ನಾನೆಂತ ಮಾಡುವುದು, ನೀನಿದ್ದೀಯಲ್ಲ ಎಂದಳು. ಆ ಗಂಡಸರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ಅವಳ ಮೇಲೆ ಬಂತು.

"ಓದುವುದು ಬೇಡ. ಕುರ್ಚಿಯಲ್ಲಿ ಕೂತುಕೋ. ನಿನ್ನ ಕೆಲಸ ಅಷ್ಟೇ, ಅದನ್ನು ಬೇರೆ ಯಾರಿಗೂ ಮಾಡಲಾಗುವುದಿಲ್ಲ."

ಕೈ ತೊಳೆಯಲೂ ಬಿಡಲಿಲ್ಲ. ನಾವು ಒಳಗೆ ಹೋಗುವಾಗ ಕಾರ್ಯದರ್ಶಿ ಪುಸ್ತಕ ಮುಚ್ಚಲು ಎದ್ದಿದ್ದರು. ಗೋಡೆಯ ಗಡಿಯಾರ ತೋರಿಸಿದೆ, ಅರ್ಧ ಗಂಟೆ ಆಗಲು ಇನ್ನೂ ನಾಲ್ಕು ನಿಮಿಷ ಇತ್ತು. ಅವರು ಕೂತರು.

ಹಳೆಯ ಮಾರ್ಕೆಟಿನಲ್ಲಿ ಕೂತ ಸಾಲಿನಲ್ಲೇ ಹೊಸದರಲ್ಲಿಯೂ ಕೂರಬೇಕೆಂದು ಮಂಡಳಿಗೆ ಶಿಫಾರಸು ಬರೆದರು. ಇಡೀ ಮೀಟಿಂಗು ಅವಳು ಕುರ್ಚಿಯಲ್ಲಿ ಕೂತೇ ಇದ್ದಳು. ಬರೆದದ್ದನ್ನು ಕಾರ್ಯದರ್ಶಿಯಿಂದ ಗಟ್ಟಿಯಾಗಿ ಓದಿಸಿದೆ. ಅವಳು ಹೆಬ್ಬೆಟ್ಟು ಒತ್ತಿದಳು, ಪುಸ್ತಕಕ್ಕೆ ಒಣಮೀನಿನ ವಾಸನೆ ಹಿಡಿಯಿತು. ನನಗೆ ಸಹಿ ಹಾಕಲು ಎರಡು ನಿಮಿಷ ಬೇಕು. ಎಲ್ಲರೂ ಕಾದರು.