ಶ್ರೀಜಾಳ ಕಾಲಿಗೆ ಅಜ್ಜಿಯ ಧಾರೆಸೀರೆ

ನಮ್ಮಜ್ಜಿ ಅನಂತಲಕ್ಷ್ಮಿ ಮದುವೆಯಾಗಿ ಬಂದಾಗಿನಿಂದ ಕಾಶಿಯಲ್ಲೇ ಇದ್ದರೂ ಅವಳ ಹಿಂದಿ ಕೇಳಿ ತರಕಾರಿಯವನು ನಗುತ್ತಿದ್ದ. ಮಡಿಯ ವಿಷಯದಲ್ಲಿ ಮಾತ್ರ ಯಾರೂ ನಗುವ ಹಾಗಿರಲಿಲ್ಲ. ತೊಗಲಿನ ಚಪ್ಪಲಿ, ಬೆಲ್ಟು, ಗಡಿಯಾರದ ಪಟ್ಟಿ ಎಲ್ಲ ಮೆಟ್ಟಿಲ ಮೇಲೇ ಉಳಿಯಬೇಕು. ಕರ್ನಾಟಕದಿಂದ ಬಂದವರಿಗೆ ಶ್ರಾದ್ಧ ಮಾಡಿಸುತ್ತಿದ್ದ ನನ್ನಪ್ಪ ಸಂಕರ್ಷಣಾಚಾರ್ಯರು ಘಾಟಿನಲ್ಲಿ ದೊಡ್ಡ ಆಚಾರ್ಯರು. ಮನೆಯಲ್ಲಿ, ನಮ್ಮಜ್ಜನ ಹಾಗೆಯೇ, ಅಜ್ಜಿಯೆದುರು ಬೆಕ್ಕಿನ ಮರಿ.

ಆ ಅಜ್ಜಿಯ ಜೀವವೆಲ್ಲ ನನ್ನ ತಂಗಿ ಶ್ರೀಜಾಳಲ್ಲಿತ್ತು. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಅವಳ ಕಾಲುಗಳು ಬಿಗಿದುಕೊಂಡಿದ್ದವು. ಹಿಡಿದು ನಿಲ್ಲಿಸಿದರೆ ತುದಿಬೆರಳ ಮೇಲೆ ನಿಂತು ಒಂದು ಕಾಲಿಗೆ ಇನ್ನೊಂದನ್ನು ಅಡ್ಡ ಹಾಕುತ್ತಿದ್ದಳು. ಅಜ್ಜಿ ದಿನವೂ ಎಣ್ಣೆ ಹಚ್ಚಿ ಅವಳ ಕಾಲು ನೀವುತ್ತಿದ್ದಳು. ಫಕ್ಕನೆ ಎಳೆದರೆ ಕಾಲು ಇನ್ನೂ ಸೆಟೆಯುತ್ತದೆ, ನಿಧಾನವಾಗಿ ಚಾಚಿ ಹಿಡಿದರೆ ಸಡಿಲವಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ನನಗೆ ಆ ತಾಳ್ಮೆ ಎಲ್ಲಿಂದ ಬರಬೇಕು? ಅಜ್ಜಿ ಹಾಡು ಗುನುಗುತ್ತ ಕಾಲು ಹಿಡಿದೇ ಕೂತಿರುತ್ತಿದ್ದಳು.

ತೊಂಬತ್ತೊಂದರಲ್ಲಿ, ಶ್ರೀಜಾಳಿಗೆ ಆರು ವರ್ಷವಿದ್ದಾಗ, ಕಾಶಿಯದೇ ಲಂಕಾ ಬಡಾವಣೆಯ ಕಡೆಯ ದೊಡ್ಡಾಸ್ಪತ್ರೆಗೆ ನಾವು ಹೋದದ್ದು ನೆಲಕ್ಕೂರದ ಹಿಮ್ಮಡಿಗಾಗಿ. ಡಾಕ್ಟರು ನೋಡಿದ್ದು ಸೊಂಟವನ್ನು. ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ತೊಡೆಯೊಳಗಿನ ಬಿಗಿ ಸ್ನಾಯು ಎಳೆದೆಳೆದು, ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನಿಂದ ಮೆಲ್ಲಗೆ ಹೊರಗೆ ಸರಿಯುತ್ತಿತ್ತು. ಈಗ ನೋವಿಲ್ಲ, ಪೂರ್ತಿ ಜಾರಿದ ಮೇಲೆ ನೋವು ಶುರುವಾದರೆ ಮಗು ಕೂರುವುದೂ ಕಷ್ಟ. ಅದಕ್ಕೇ ಆರಾರು ತಿಂಗಳಿಗೆ ಎಕ್ಸ್‌ರೇ ತೆಗೆಯಬೇಕು ಎಂದರು.

ತೊಡೆಸಂದಿನ ಮತ್ತು ಹಿಮ್ಮಡಿಯ ಸ್ನಾಯುಬಳ್ಳಿಗಳನ್ನು ಉದ್ದ ಮಾಡುವ ಆಪರೇಷನ್ ಆಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ, ರಾತ್ರಿ ತೊಡೆಗಳನ್ನು ಅಗಲಿಸಿ ಹಿಡಿಯಲು ಒಂದು ಸಾಧನ ಕೊಟ್ಟರು: ನಡುವೆ ಸರಳು, ಎರಡೂ ಕಡೆ ತೊಗಲಿನ ಪಟ್ಟಿ.

"ಛೀ ಛೀ, ತೊಗಲು! ದೇವರಿರೋ ಮನೆಗಾ?" ಎಂದಳು ಅಜ್ಜಿ.

"ಅಮ್ಮಾ, ಅದು ಔಷಧಿ ಇದ್ದ ಹಾಗೆ," ಎಂದರು ಅಪ್ಪ.

"ನಿನ್ನ ಶಾಸ್ತ್ರ ಘಾಟಿನಲ್ಲಿ ಹೇಳು ಹೋಗು. ಕೊಯ್ದು ಸರಿ ಮಾಡಿದಾರಲ್ಲ, ಇನ್ನ್ಯಾಕೆ ಇದು?"

ಶ್ರೀಜಾ ಮಲಗುವುದು ಅಜ್ಜಿಯ ಪಕ್ಕದಲ್ಲಿ. "ಅಜ್ಜೀ, ಖೋಲ್ ದೋ, ಬಿಚ್ಚು," ಎಂದು ಅವಳೂ ಗೋಗರೆದಳು. ಮುಗಿಯಿತಲ್ಲ! ಸಾಧನ ಮೆಟ್ಟಿಲ ಮೇಲೆ ಚಪ್ಪಲಿಗಳ ಜೊತೆ ಉಳಿಯಿತು. ಅಮ್ಮ ಒಳಗೊಳಗೇ ಕುದಿದಳು.

ಮುಂದಿನ ಎಕ್ಸ್‌ರೇಗೆ ಅಜ್ಜಿಯೂ ರಿಕ್ಷಾ ಹತ್ತಿದಳು. ತೊಡೆಗಳು ಮತ್ತೆ ಬಿಗಿದಿದ್ದವು, ಗುಂಡು ಇನ್ನಷ್ಟು ಹೊರಗೆ ಬಂದಿತ್ತು. ರಾತ್ರಿ ಕಟ್ಟುತ್ತೀರಾ ಎಂದು ಡಾಕ್ಟರು ಅಪ್ಪನನ್ನು ಕೇಳಿದರು.

"ಹಮ್ ಹೀ ಖುಲ್‌ವಾಯೇ," ಎಂದಳು ಅಜ್ಜಿ. ನಾನೇ ಬಿಚ್ಚಿಸಿದೆ ಎಂದು.

ಡಾಕ್ಟರು ರೇಗಲಿಲ್ಲ. ಇನ್ನೂ ಸರಿದರೆ ಮೂಳೆಯನ್ನೇ ಕತ್ತರಿಸಿ ತಿರುಗಿಸಿ ಕೂರಿಸಬೇಕಾಗುತ್ತದೆ ಎಂದರು. ಪಟ್ಟಿ ತೊಗಲಿನದೇ ಆಗಬೇಕೇ ಎಂದು ಅಜ್ಜಿ ಹರಕು ಹಿಂದಿಯಲ್ಲಿ ಕೇಳಿದಳು. ಏನಾದರೂ ಸರಿ, ಸಡಿಲವಾಗಬಾರದು, ಚರ್ಮ ಕೊರೆಯಬಾರದು ಎಂದರು ಡಾಕ್ಟರು.

ಮನೆಗೆ ಬಂದವಳೇ ಟ್ರಂಕು ತೆಗೆದಳು. ತಳದಲ್ಲಿ ಅವಳ ಧಾರೆಸೀರೆಯಿತ್ತು, ಕೆಂಪು ರೇಷ್ಮೆ ಪಟ್ಟೆ. "ಮುತ್ತೈದೆಯಾಗಿ ಹೋದರೆ ಇದನ್ನೇ ಹೊದಿಸಬೇಕು," ಎಂದು ನಮಗೆಲ್ಲ ಸಾವಿರ ಸಲ ತಾಕೀತು ಮಾಡಿದ್ದ ಸೀರೆ. ಅದಕ್ಕೇ ಕತ್ತರಿ ಹಾಕಿದಳು. ಅಮ್ಮ ಓಡಿಬಂದು ಕೈ ಹಿಡಿದರೆ ಗದರಿದಳು: "ಬಿಡೇ! ಪಟ್ಟೆಗೆ ಮೈಲಿಗೆಯಿಲ್ಲ. ಸತ್ತ ಹೆಣಕ್ಕೆ ಪೂರ್ತಿ ಸೀರೆ ಯಾಕೆ?"

ಬಟ್ಟೆ ಪದರ ಪದರವಾಗಿ ಮಡಚಿ, ಒಳಗೆ ಹತ್ತಿ ಇಟ್ಟು, ದಪ್ಪ ಪಟ್ಟಿ ಹೊಲಿದು, ತೊಗಲು ತೆಗೆಸಿದ ಸರಳಿಗೆ ಸಿಕ್ಕಿಸಿದಳು. ಪ್ರತಿ ರಾತ್ರಿ ತಾನೇ ಕಟ್ಟಿದಳು. "ಖೋಲ್ ದೋ" ಎಂದರೆ ಕಥೆ ಹೇಳುತ್ತಿದ್ದಳು, ಬಿಚ್ಚುತ್ತಿರಲಿಲ್ಲ. ಆ ಕಥೆಗಳನ್ನು ಕೇಳುತ್ತ ನಾನೂ ಅಲ್ಲೇ ನಿದ್ದೆ ಹೋಗುತ್ತಿದ್ದೆ. ಅಯ್ಯೋ, ಆ ರಾತ್ರಿಗಳು ಮತ್ತೆಲ್ಲಿ ಸಿಗಬೇಕು!

ಆಮೇಲಿನ ಎಕ್ಸ್‌ರೇಗಳಲ್ಲಿ ಗುಂಡು ಮುಂದೆ ಸರಿಯಲಿಲ್ಲ. ಬೆಳೆಯುವವರೆಗೂ ನೋಡುತ್ತಲೇ ಇರಬೇಕು, ಈಗ ಮೂಳೆ ಕತ್ತರಿಸುವುದು ಬೇಡ ಎಂದರು ಡಾಕ್ಟರು. ಲಂಕಾದಲ್ಲಿ ಅಜ್ಜಿ ನಮಗೆಲ್ಲ ಜಿಲೇಬಿ ಕೊಡಿಸಿದಳು. ತಾನು ಮಾತ್ರ ಹೊರಗಿನದು ಮುಟ್ಟಲಿಲ್ಲ, ಬಿಡಿ.

ತೊಂಬತ್ನಾಲ್ಕರ ಚಳಿಯಲ್ಲಿ ಅಜ್ಜಿ, ಅಜ್ಜನಿಗಿಂತ ಮುಂಚೆ, ಅವಳು ಬಯಸಿದಂತೆಯೇ ಹೋದಳು. ಹರಿಶ್ಚಂದ್ರ ಘಾಟಿಗೆ ಹೊರಡುವ ಮುನ್ನ ಉಳಿದಿದ್ದ ಧಾರೆಸೀರೆಯನ್ನು ಹೊದಿಸಿದೆವು. ಅದು ಪಾದದ ತನಕ ಬರಲಿಲ್ಲ. ಅಮ್ಮ ಬೇರೆ ಸೀರೆ ಹುಡುಕಲು ಒಳಗೆ ಹೋದಳು.

ಗೋಡೆ ಹಿಡಿದುಕೊಂಡು, ಹಿಮ್ಮಡಿ ನೆಲಕ್ಕೂರಿ ಶ್ರೀಜಾ ನಡೆದು ಬಂದಳು. ಕೈಯಲ್ಲಿ ಆ ಕೆಂಪು ಪಟ್ಟಿಗಳಿದ್ದವು. ಒಂದೊಂದಾಗಿ ಅಜ್ಜಿಯ ಪಾದದ ಮೇಲೆ ಹಾಸಿದಳು.

"ಅಜ್ಜಿಗೆ ಚಳಿ ಆಗತ್ತೆ," ಎಂದಳು.